ಮೂರು ಕಂಬ ತೆಗೆದು 12 ಚುಕ್ಕಿ ಇಟ್ಟೆವು

ಕಳೆದ ವಾರ ರಾಯಚೂರಿನ ಒಂದು ಕಾಲೇಜಿನಲ್ಲಿ ಪ್ರಾಜೆಕ್ಟ್ ಮೇಳ ಇತ್ತು. ಒಂದು ತಂಡಕ್ಕೆ ಒಂದೇ ಸ್ಲೈಡ್. ಅದನ್ನೇ ಎ1 ಹಾಳೆಗೆ ಪ್ರಿಂಟ್ ಹಾಕಿಸಿ, ಬೋರ್ಡಿಗೆ ಅಂಟಿಸಿ, ಪಕ್ಕದಲ್ಲಿ ನಿಂತು ಹೇಳಬೇಕು. ನನ್ನ ಕೈಕೆಳಗೆ ಪ್ರಾಜೆಕ್ಟ್ ಮಾಡಿದ ಮೂವರು ಹುಡುಗಿಯರು 62 ಪುಟದ ವರದಿಯನ್ನು ಒಂದು ಸ್ಲೈಡಿಗೆ ತುರುಕಿ ತಂದರು. ಪೀಠಿಕೆಯಿಂದ ಉಪಸಂಹಾರದವರೆಗೆ ಎಲ್ಲವೂ ಇತ್ತು, ಅಕ್ಷರಗಳು ಇರುವೆ ಸಾಲಿನ ಹಾಗೆ. ಮೇಲೆ ಎರಡು ಲೋಗೋ, ಮೂಲೆಯಲ್ಲಿ ನನ್ನ ಫೋಟೋ. ಮೊದಲು ಆ ಫೋಟೋ ತೆಗೆಸಿದೆ.

ಅವರ ವಿಷಯ ಸಿಂಧನೂರು ಕಡೆಯ ಭತ್ತದ ಗದ್ದೆಗಳ ಸವಳು. ತುಂಗಭದ್ರಾ ಎಡದಂಡೆ ಕಾಲುವೆಯ ಒಂದು ಉಪಕಾಲುವೆ ಹಿಡಿದು 12 ಹೊಲಗಳ ಮೇಲ್ಮಣ್ಣು ತಂದಿದ್ದರು. ಎತ್ತರದವು 4, ನಡುವಿನವು 4, ತಗ್ಗಿನವು 4. ಇಸಿ ಮೀಟರಿನಲ್ಲಿ ಅಳೆದಿದ್ದರು. ಉಪ್ಪು ಜಾಸ್ತಿ ಇದ್ದಷ್ಟೂ ಆ ಮೀಟರ್ ಜಾಸ್ತಿ ತೋರಿಸುತ್ತದೆ.

ಸ್ಲೈಡಿನ ಹೆಸರು 'ಅಚ್ಚುಕಟ್ಟು ಪ್ರದೇಶದ ಮಣ್ಣಿನ ಲವಣಾಂಶದ ಒಂದು ಅಧ್ಯಯನ' ಅಂತ ಇತ್ತು. ಓದಿದವನಿಗೆ ಏನು ಸಿಕ್ಕಿತು? ಏನೂ ಇಲ್ಲ. 'ತಗ್ಗಿನ ಹೊಲಗಳ ಮಣ್ಣಿನಲ್ಲಿ ಉಪ್ಪು ಜಾಸ್ತಿ' ಅಂತ ಬದಲಿಸಿದೆವು. ಮುಂದೆ ಹಾಯ್ದು ಹೋಗುವವರೂ ಅಷ್ಟನ್ನು ಓದಿಕೊಂಡೇ ಹೋಗುತ್ತಾರೆ.

ಜಾಸ್ತಿ ಹೊತ್ತು ಹಿಡಿದದ್ದು ಗ್ರಾಫ್. ಅವರು ಮೂರು ಗುಂಪಿನ ಸರಾಸರಿ ತೆಗೆದು ಮೂರು ಕಂಬ ನಿಲ್ಲಿಸಿದ್ದರು: 0.5, 1.2, 2.0. ಮೆಟ್ಟಿಲು ಹಾಕಿದಷ್ಟು ಚಂದ. ಆ ಚಂದ ನೋಡಿಯೇ ನನಗೆ ಅನುಮಾನ ಬಂತು. ನಡುವಿನ ನಾಲ್ಕು ಹೊಲಗಳ ಲೆಕ್ಕ ತೆಗೆಸಿದೆ. 0.6, 0.7, 0.8, ಮತ್ತೆ 2.7. ಅಂದರೆ ಮೂರು ಹೊಲ ಹೆಚ್ಚುಕಡಿಮೆ ಎತ್ತರದವುಗಳ ಹಾಗೇ ಇವೆ. ಒಂದೇ ಒಂದು ಹೊಲದಲ್ಲಿ 12ರಲ್ಲೇ ಎಲ್ಲಕ್ಕಿಂತ ಜಾಸ್ತಿ ಉಪ್ಪು. 1.2 ಅನ್ನುವ ಹೊಲ ಅಲ್ಲಿ ಇಲ್ಲವೇ ಇಲ್ಲ! ಆ ಮೆಟ್ಟಿಲನ್ನು ಕಟ್ಟಿದ್ದು ಸರಾಸರಿ. ಜಾಗ ಉಳಿಸಬೇಕು ಅಂತ ಎಲ್ಲರೂ ಮೊದಲು ಸರಾಸರಿಗೆ ಕೈಹಾಕುತ್ತಾರೆ. 12 ಚುಕ್ಕಿ ಇಡಲು ಮೂರು ಕಂಬಕ್ಕಿಂತ ಹೆಚ್ಚು ಜಾಗವೇನೂ ಬೇಡ. ಕಂಬ ತೆಗೆದು ಚುಕ್ಕಿ ಇಟ್ಟೆವು.

ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ಗ್ರಾಫಿನಲ್ಲಿ 4ರ ಹತ್ತಿರ ಕೆಂಪು ಗೆರೆ ಎಳೆದು 'ಸವಳಿನ ಮಿತಿ' ಅಂತ ಬರೆದಿದ್ದರು. ಎಲ್ಲ ಹೊಲಗಳೂ ಗೆರೆಯ ಕೆಳಗೇ. ಹಾಗಾದರೆ ಸವಳೇ ಇಲ್ಲ ಅಂದ ಹಾಗಾಯಿತಲ್ವಾ? ಪಕ್ಕದ ಫೋಟೋದಲ್ಲಿ ನೋಡಿದರೆ ತಗ್ಗಿನ ಹೊಲದ ತುಂಬ ಬಿಳಿ ಉಪ್ಪು ಹರಡಿದೆ. ಫೋಟೋ ಒಂದು ಮಾತು, ಗ್ರಾಫ್ ಇನ್ನೊಂದು ಮಾತು.

ಪುಸ್ತಕದಲ್ಲಿರುವ ಮಿತಿ, ಅಂದರೆ ಪ್ರತಿ ಮೀಟರಿಗೆ 4 ಡೆಸಿಸೀಮನ್ಸ್, ಬೇರೆ ಅಳತೆಗೆ ಸೇರಿದ್ದು. ಅಲ್ಲಿ ಮಣ್ಣಿಗೆ ಹಿಡಿಯುವಷ್ಟೇ ನೀರು ಹಾಕಿ, ಕಲಸಿ ಮುದ್ದೆ ಮಾಡಿ, ಆ ಮುದ್ದೆಯಿಂದ ಎಳೆದು ತೆಗೆದ ನೀರನ್ನು ಅಳೆಯುತ್ತಾರೆ. ಇವರು ಮಾಡಿದ್ದು 1 ಪಾಲು ಮಣ್ಣಿಗೆ 2.5 ಪಾಲು ನೀರು. ನಮ್ಮ ಲ್ಯಾಬುಗಳಲ್ಲಿ ಸಾಮಾನ್ಯವಾಗಿ ಮಾಡುವುದೂ ಹೀಗೇ. ನೀರು ಜಾಸ್ತಿಯಾದರೆ ಉಪ್ಪು ತಿಳಿಯಾಗುತ್ತದೆ, ಮೀಟರ್ ಕಡಿಮೆ ತೋರಿಸುತ್ತದೆ. ಮಜ್ಜಿಗೆಗೆ ನೀರು ಬೆರೆಸಿ ಉಪ್ಪು ಸಾಲದು ಅಂದ ಹಾಗೆ.

'ಸರ್, ಒಂದು ಗುಣಾಕಾರ ಮಾಡಿ ಹೊಂದಿಸಿಬಿಡೋಣ' ಅಂದಳು ಒಬ್ಬಳು. ಆ ಗುಣಾಕಾರ ಮರಳು ಮಣ್ಣಿಗೊಂದು, ಎರೆ ಮಣ್ಣಿಗೊಂದು. ಇವರ 12 ಹೊಲಗಳಲ್ಲಿ ಎರಡೂ ಬಗೆಯ ಮಣ್ಣು ಇತ್ತು. ಆದ್ದರಿಂದ ಗೆರೆಯನ್ನೇ ಅಳಿಸಿದೆವು. ಗ್ರಾಫಿನ ಪಕ್ಕದಲ್ಲಿ '1 ಪಾಲು ಮಣ್ಣು, 2.5 ಪಾಲು ನೀರು' ಅಂತ ಬರೆಸಿದೆ. ವಿಧಾನದ ಉಳಿದ ಎರಡು ಪ್ಯಾರಾ ಹಾರಿಸಿದೆವು. ಬಾಟಲಿ ಎಷ್ಟು ಸಲ ತೊಳೆದರು ಅನ್ನುವುದು ಕೇಳಿದವರಿಗೆ ಬಾಯಲ್ಲಿ ಹೇಳಿದರೆ ಸಾಕು. ಆದರೆ ಮಣ್ಣು-ನೀರಿನ ಪಾಲಿನ ಆ ಒಂದು ಸಾಲನ್ನು ಕೈಬಿಟ್ಟರೆ ಅಂಕಿಯೇ ಸುಳ್ಳು ಹೇಳುತ್ತದೆ.

ಕೊನೆಗೆ 'ಅಂತರ್ಜಲ ಮೇಲೆ ಬಂದದ್ದೇ ಕಾರಣ' ಅನ್ನುವ ಸಾಲು. ಬಹುಶಃ ನಿಜವೇ. ತಗ್ಗಿನಲ್ಲಿ ನೀರು ಮೇಲೇರಿ, ಆರಿ, ಉಪ್ಪು ಮಾತ್ರ ಉಳಿಯುತ್ತದೆ. ಆದರೆ ಇವರು ಅಂತರ್ಜಲ ಅಳೆದೇ ಇಲ್ಲವಲ್ಲ. 'ಅಂತರ್ಜಲ ಅಳೆದಿಲ್ಲ, ಮಣ್ಣು ಒಂದೇ ಸಲ ತಂದದ್ದು' ಅಂತ ಕೆಳಗೆ ಬರೆಸಿದೆ. ಹುಡುಗಿಯರಿಗೆ ಮುಖ ಸಣ್ಣಗಾಯಿತು. ಮಾರ್ಕ್ಸ್ ಹೋಗುತ್ತದೆ ಅಂತ.

ಪ್ರಿಂಟಿನದು ಬೇರೆಯೇ ಕತೆ. ಸ್ಲೈಡಿನ ಅಳತೆಯನ್ನು ಮೊದಲೇ ಎ1ಗೆ ಇಟ್ಟುಕೊಳ್ಳಬೇಕಿತ್ತು. ಕೊನೆಗೆ ಬದಲಿಸಿದ್ದಕ್ಕೆ ಎಲ್ಲ ಜರುಗಿ, ಅರ್ಧ ರಾತ್ರಿ ಕೂತು ಮತ್ತೆ ಜೋಡಿಸಿದರು. ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದ ಸಾಲುಗಳು ಫ್ಲೆಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ಏನೇನೋ ಚಿಹ್ನೆಗಳಾದವು. ಯೂನಿಕೋಡಿಗೆ ತಂದು ಪಿಡಿಎಫ್ ಮಾಡಿ ಕೊಟ್ಟ ಮೇಲೆ ಸರಿಹೋಯಿತು.

ಮೇಳದ ದಿನ ಒಬ್ಬಳ ಅಪ್ಪ ಬಂದಿದ್ದರು, ಅದೇ ಊರಿನ ರೈತರು. ಗ್ರಾಫ್ ಮುಂದೆ ಸುಮ್ನೆ ನಿಂತರು. ಆಮೇಲೆ 2.7ರ ಚುಕ್ಕಿಯ ಮೇಲೆ ಬೆರಳಿಟ್ಟು, 'ಇದು ಹಳ್ಳದ ಬಾಜೂದ ಹೊಲ ಹೌದಿಲ್ಲೋ?' ಅಂದರು. ಮಗಳು ನನ್ನ ಕಡೆ ನೋಡಿದಳು. ಹೌದು, ಅದೇ ಹೊಲ.