ದುಡಿಯುವವರ ಲಿವರ್ ಮತ್ತು ಬೆಲ್ಲದ ಕಾಫಿ

"ದಿನವಿಡೀ ತೋಟದಲ್ಲಿ ದುಡಿಯುವ ನನಗೂ ಫ್ಯಾಟಿ ಲಿವರ್ ಎಂದಿದ್ದಾರೆ, ಸಕ್ಕರೆಯೂ ಗಡಿಯಲ್ಲಿದೆಯಂತೆ. ಊಟದಲ್ಲಿ ಏನು ಬಿಡಲಿ?"

ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರನಾದ ನನಗೂ ಎರಡು ವರ್ಷದ ಹಿಂದೆ ಇಂಥದೇ ವರದಿ ಬಂದಿತ್ತು. ಖಾಲಿ ಹೊಟ್ಟೆಯ ಸಕ್ಕರೆ 112, ಮೂರು ತಿಂಗಳ ಸರಾಸರಿ 6.0. ಅನ್ನವನ್ನೇ ದೂರುತ್ತಿದ್ದ ನನಗೆ ವೈದ್ಯರು ಮೊದಲು ಲೆಕ್ಕ ಹಾಕಿಸಿದ್ದು ಕಾಫಿಯದು. ದಿನಕ್ಕೆ ಆರು ಲೋಟ, ಲೋಟಕ್ಕೆ ಎರಡು ಚಮಚ ಬೆಲ್ಲದ ಪುಡಿ ಎಂದರೆ ಸುಮಾರು 50 ಗ್ರಾಂ ಆಗುತ್ತದೆ. ಬೆಲ್ಲವಾದರೆ ತೊಂದರೆಯಿಲ್ಲ ಎಂಬ ನಮ್ಮ ಕಡೆಯ ನಂಬಿಕೆ ಇಲ್ಲಿ ಕೆಲಸಕ್ಕೆ ಬಾರದು, ಏಕೆಂದರೆ ಅದರಲ್ಲೂ ಹೆಚ್ಚಿನ ಪಾಲು ಸಕ್ಕರೆಯೇ, ಆ ಸಕ್ಕರೆಯ ಅರ್ಧಭಾಗವಾದ ಫ್ರಕ್ಟೋಸನ್ನು ಬಹುಮಟ್ಟಿಗೆ ಲಿವರೇ ಅರಗಿಸಬೇಕಾಗಿ, ಮಿಕ್ಕದ್ದು ಅಲ್ಲೇ ಕೊಬ್ಬಾಗುತ್ತದೆ.

ಎರಡನೆಯದು ರಾತ್ರಿಯೂಟ. ಮೈಮುರಿದು ದುಡಿದವರು ಮಧ್ಯಾಹ್ನದ ಅನ್ನವನ್ನು ಬಿಡಬೇಕಾಗಿಲ್ಲ. ಆದರೆ ರಾತ್ರಿ ಒಂಬತ್ತೂವರೆಗೆ ಮೂರು ಸೌಟು ಅನ್ನ ಉಂಡು ಮಲಗುತ್ತಿದ್ದ ನಾನು, ಎಂಟಕ್ಕೇ ಒಂದು ಸೌಟು ಅನ್ನಕ್ಕೆ ಹೆಸರುಕಾಳಿನ ಪಲ್ಯ, ಬಸಳೆ ಸಾರು ಹೆಚ್ಚಿಸಿಕೊಂಡು, ಅಂಗಳದಲ್ಲಿ ಹದಿನೈದು ನಿಮಿಷ ನಡೆಯತೊಡಗಿದೆ. ಏಳು ತಿಂಗಳಲ್ಲಿ 78 ಕಿಲೋ ಇದ್ದವನು 72ಕ್ಕೆ ಇಳಿದೆ, ಸರಾಸರಿ 5.6ಕ್ಕೆ ಬಂತು. ಮದ್ಯದ ಅಭ್ಯಾಸವಿದ್ದರೆ ಅದನ್ನು ವೈದ್ಯರಿಂದ ಮುಚ್ಚಿಡಬೇಡಿ. ಸಾಮಾನ್ಯ ಸ್ಕ್ಯಾನಿಂಗ್ ಮುಖ್ಯವಾಗಿ ಕೊಬ್ಬನ್ನು ತೋರಿಸುತ್ತದೆ, ಲಿವರ್ ಹಾನಿಗೊಂಡು ಗಟ್ಟಿಯಾಗಿದೆಯೇ ಎಂಬುದನ್ನು ಬೇರೆಯಾಗಿ ಕೇಳಿ ತಿಳಿಯಬೇಕು.