ಪ್ರೊಬೇಷನ್ ಅಂದ್ರೆ ನೋಟಿಸೇ ಬೇಡವಾ?

"ಪ್ರೊಬೇಷನ್‌ನಲ್ಲಿ ಇರೋರನ್ನ ಯಾವಾಗ ಬೇಕಾದ್ರೂ ನೋಟಿಸ್ ಇಲ್ಲದೆ ತೆಗೀಬಹುದು, ಕೇಳೋ ಹಾಗಿಲ್ಲ."

ಇದು ಅರ್ಧ ಮಾತ್ರ ನಿಜ. ಮೊದಲು ನಿಮ್ಮ ನೇಮಕಾತಿ ಪತ್ರ ತೆಗೆದು ನೋಡಿ, ಪ್ರೊಬೇಷನ್‌ಗೂ 15 ದಿನ ಅಂತ ಬರೆದಿದ್ದರೆ ಅಷ್ಟು ಕೊಡಲೇಬೇಕು. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961, ಕಲಂ 39 ಕೂಡ ಓದಿ. ಸತತ ಆರು ತಿಂಗಳು ದುಡಿದವರನ್ನು ತೆಗೆಯಲು ಸರಿಯಾದ ಕಾರಣ ಬೇಕು, ಜೊತೆಗೆ ಒಂದು ತಿಂಗಳ ನೋಟಿಸ್ ಅಥವಾ ಅಷ್ಟು ಸಂಬಳ. ಅಲ್ಲಿ ಲೆಕ್ಕಕ್ಕೆ ಬರೋದು ದುಡಿದ ತಿಂಗಳು. ಜನವರಿ 10ಕ್ಕೆ ಸೇರಿದವರಿಗೆ ಆಗಸ್ಟ್ 20ರಂದು "ನಾಳೆಯಿಂದ ಬರಬೇಡಿ" ಅಂದರೆ, ಏಳು ತಿಂಗಳು ದಾಟಿದೆ ಅಲ್ವಾ? ಪ್ರೊಬೇಷನ್ ಒಂದು ವರ್ಷ ಅಂತಿದ್ದರೂ ಆ ಸಂಬಳ ಕೇಳಬಹುದು.

ಕೆಲಸ ಹಿಡಿಸಲಿಲ್ಲ ಅಂತ ಬಿಡಿಸೋದು ಬೇರೆ. ಪತ್ರದಲ್ಲಿ "ಹಣ ಕದ್ದರು" ಅಂತ ಬರೆದು, ವಿಚಾರಣೆಯೇ ಇಲ್ಲದೆ ಕಳಿಸಿದರೆ ಅದು ಶಿಕ್ಷೆ, ಪ್ರಶ್ನಿಸಬಹುದು.