ಬಟನ್ ಫೋನಿಗೆ ಬಂದ ಕ್ಯೂಆರ್ ಕೋಡ್

ಕೊಡಗಿನಲ್ಲಿ ಕಕ್ಕಡ ತಿಂಗಳ ಮಳೆ. ಗದ್ದೆಯಲ್ಲಿ ಮೊಣಕಾಲುದ್ದ ಕೆಸರು, ಕೈಯಲ್ಲಿ ಸಸಿಯ ಕಟ್ಟು. ಅಂಗಿಯ ಜೇಬಿನಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಸುತ್ತಿಟ್ಟ ಬಟನ್ ಫೋನು ಬಡಿದುಕೊಳ್ಳುತ್ತದೆ. ಕೈ ಒರೆಸಿಕೊಂಡು, ಕವರಿನ ಮೇಲಿಂದಲೇ ಹಸಿರು ಗುಂಡಿ ಒತ್ತಿ ಕಿವಿಗಿಟ್ಟರೆ ಸಭಾ ಕಾರ್ಯಕ್ರಮವೊಂದು ಶುರುವಾಗಿರುತ್ತದೆ.

"ನಮಸ್ಕಾರ ರೈತ ಬಾಂಧವರೇ. ಪ್ರಸಕ್ತ ಸಾಲಿನ ಮುಂಗಾರು ಹಂಗಾಮಿನಲ್ಲಿ ಅನುಷ್ಠಾನಗೊಳ್ಳುತ್ತಿರುವ ಬೆಳೆ ವಿಮೆ ಯೋಜನೆಯಡಿ, ಅಧಿಸೂಚಿತ ವಿಮಾ ಘಟಕಗಳ ವ್ಯಾಪ್ತಿಯ ಅಧಿಸೂಚಿತ ಬೆಳೆಗಳಿಗೆ, ನಿಗದಿತ ದಿನಾಂಕದೊಳಗೆ ವಿಮಾ ಕಂತು ಪಾವತಿಸಿ ಯೋಜನೆಯ ಸದುಪಯೋಗ ಪಡೆದುಕೊಳ್ಳಲು ಕೋರಲಾಗಿದೆ. ಹೆಚ್ಚಿನ ಮಾಹಿತಿಗಾಗಿ ಆ್ಯಪ್ ಡೌನ್‌ಲೋಡ್ ಮಾಡಿ ಅಥವಾ ಪರದೆಯ ಮೇಲಿನ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ."

ಪರದೆ ಇರುವುದು ಬೆಂಕಿಪೊಟ್ಟಣದಷ್ಟು. ಅದರ ಮೇಲೆ ಈಗ ಕಾಣುವುದು ಕೆಸರಿನ ಹೆಬ್ಬೆಟ್ಟಿನ ಗುರುತು. ಸ್ಕ್ಯಾನ್ ಮಾಡುವುದಿದ್ದರೆ ಅದನ್ನೇ ಮಾಡಬೇಕು.

ಇಂಥ ಸಂದೇಶ ಹುಟ್ಟುವ ಬಗೆ ಸರಳ. ಮೊದಲು ಪೋಸ್ಟರ್ ಆಗುತ್ತದೆ. ಅದನ್ನೇ ಕರಪತ್ರ ಮಾಡುತ್ತಾರೆ. ಕೊನೆಯ ದಿನ ಹತ್ತಿರ ಬಂದು ನೋಂದಣಿ ಏರಿಲ್ಲವೆಂದು ಗೊತ್ತಾದಾಗ, ಬಟನ್ ಫೋನಿನವರೂ ಇದ್ದಾರಲ್ಲ ಎಂದು ಯಾರಿಗೋ ನೆನಪಾಗುತ್ತದೆ. ಆಗ ಅದೇ ಪೋಸ್ಟರನ್ನು ಒಬ್ಬರು ಮೈಕಿನ ಮುಂದೆ ಓದುತ್ತಾರೆ. ಅದಕ್ಕೆ 'ಸರಳ ಆಡುಮಾತಿನ ಧ್ವನಿ ಸಂದೇಶ' ಎಂದು ಫೈಲಿನಲ್ಲಿ ಹೆಸರು. ಪೋಸ್ಟರಿನಲ್ಲಿ ಅರ್ಥವಾಗದ ಸಾಲನ್ನು ಕಣ್ಣು ಇನ್ನೊಮ್ಮೆ ಓದೀತು. ಕಿವಿ ಹಿಂದಕ್ಕೆ ಹೋಗಲಾರದು, ಹೋದ ಮಾತು ಹೋಯಿತು.

ಈಗ ಆ ಮಾತುಗಳನ್ನೇ ಹಿಡಿದು ನೋಡಿ. 'ವಿಮಾ ಕಂತು' ಎಂದರೆ ಕಚೇರಿಯಲ್ಲಿ ಪ್ರೀಮಿಯಂ. ಗದ್ದೆಯಲ್ಲಿ ಕಂತು ಎಂದರೆ ಸಾಲದ ಕಂತು. ಸೊಸೈಟಿಯಲ್ಲಿ ಬಾಕಿ ಇಟ್ಟುಕೊಂಡವರಿಗೆ 'ಕಂತು ಪಾವತಿಸಿ' ಎಂಬ ರೆಕಾರ್ಡಿಂಗ್ ಬಂದರೆ ಅವರು ಮಾಡುವ ಮೊದಲ ಕೆಲಸ ಫೋನು ಕಟ್ ಮಾಡುವುದು. 'ಘಟಕ' ಎಂದರೆ ನಮ್ಮಲ್ಲಿ ಪಕ್ಷದ ತಾಲೂಕು ಘಟಕ. ವಿಮೆಯವರ ಮಟ್ಟಿಗೆ ಭತ್ತಕ್ಕೆ ಅದು ಹೆಚ್ಚಾಗಿ ಗ್ರಾಮ ಪಂಚಾಯಿತಿ. 'ಅಧಿಸೂಚಿತ ಬೆಳೆ' ಎಂದರೆ ನಿಮ್ಮ ಪಂಚಾಯಿತಿಯ ಹೆಸರಿನ ಮುಂದೆ ಸರ್ಕಾರ ಬರೆದಿರುವ ಬೆಳೆ. ಇದನ್ನು ಬಿಡಿಸಿ ಹೇಳದೆ 'ಎಲ್ಲ ರೈತರೂ' ಎಂದು ಕೊಡಗಿಗೆಲ್ಲ ಫೋನು ಹೋದರೆ ಕಾಫಿ ತೋಟದವರೂ ಛತ್ರಿ ಹಿಡಿದು ಬ್ಯಾಂಕಿಗೆ ಬರುತ್ತಾರೆ. ಜಿಲ್ಲೆಯ ದೊಡ್ಡ ಬೆಳೆಗೇ ಆ ಪಟ್ಟಿಯಲ್ಲಿ ಜಾಗವಿಲ್ಲ ಎಂಬುದು ಅವರಿಗೆ ಕೌಂಟರಿನಲ್ಲಿ ತಿಳಿಯುತ್ತದೆ. ಕಾಳುಮೆಣಸಿನದು ಹವಾಮಾನ ಆಧಾರದ ಬೇರೆ ವಿಮೆ. ರೈತರ ಪಾಲು ನೂರಕ್ಕೆ 5, ಪರಿಹಾರ ತೀರ್ಮಾನವಾಗುವುದು ಬಳ್ಳಿ ನೋಡಿಯಲ್ಲ, ಮಳೆ ಮಾಪಕ ನೋಡಿ. ಅದಕ್ಕೆ ಬೇರೆಯದೇ ಫೋನು ಬೇಕು, ಇಲ್ಲಿ ಭತ್ತದ ಮಾತಷ್ಟೇ ಆಗಲಿ.

'ನಿಗದಿತ ದಿನಾಂಕದೊಳಗೆ' ಎನ್ನುವುದಂತೂ ಈ ಸಾಹಿತ್ಯದ ಕಿರೀಟ. ಕೊನೆಯ ದಿನ ಪ್ರತಿ ವರ್ಷದ ಆದೇಶದಲ್ಲಿ ಬೆಳೆಬೆಳೆಗೂ ಬೇರೆ ಇರುತ್ತದೆ. ಫೋನು ಮಾಡಬೇಕಾದದ್ದೇ ಆ ತಾರೀಕು ಹೇಳುವುದಕ್ಕೆ. ಅದೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಹೇಳಿ ಮುಗಿಸುತ್ತಾರೆ.

ಬರೆಯುವವರು ಒಮ್ಮೆ ಗದ್ದೆ ಬದಿಯಲ್ಲಿ ನಿಂತು ಗಟ್ಟಿಯಾಗಿ ಓದಿಕೊಂಡಿದ್ದರೆ ಸಂದೇಶ ಹೀಗೆ ಬರುತ್ತಿತ್ತು:

"ನಮಸ್ಕಾರ. ಭತ್ತದ ಗದ್ದೆ ಇರೋರಿಗೆ ಈ ಫೋನು. ನಿಮ್ಮ ಭತ್ತಕ್ಕೆ ಇನ್ಶೂರೆನ್ಸ್ ಮಾಡಿಸೋಕೆ ಕೊನೇ ದಿನ ಇಂಥ ತಾರೀಕು, ಇಂಥ ವಾರ. ನಿಮ್ಮ ಬ್ಯಾಂಕಿಗೋ ಸೊಸೈಟಿಗೋ ಹೋಗಿ, ಇಲ್ಲಾಂದ್ರೆ ಗ್ರಾಮ ಒನ್‌ಗೆ ಹೋಗಿ. ಮೂರು ಕಾಗದ ತಗೊಂಡು ಹೋಗಿ. ಆಧಾರ್, ಪಾಸ್‌ಬುಕ್, ಪಹಣಿ. ನೂರು ರೂಪಾಯಿ ವಿಮೆಗೆ ನೀವು ಕೊಡೋದು ಎರಡು ರೂಪಾಯಿ, ಕಟ್ಟಬೇಕಾದ್ದರಲ್ಲಿ ಉಳಿದದ್ದು ಸರ್ಕಾರ ಕಟ್ಟುತ್ತೆ. ರಸೀದಿ ಇಸ್ಕೊಳ್ಳದೆ ಬರಬೇಡಿ. ಇನ್ನೊಂದು ಸಲ ಕೇಳಬೇಕಾ, ಒಂದು ಒತ್ತಿ."

ಇಷ್ಟನ್ನು ನಿಧಾನವಾಗಿ ಓದಿದರೂ ಒಂದು ನಿಮಿಷ ಸಾಕು. ತಾರೀಕಿನ ಜೊತೆ ವಾರ ಹೇಳಬೇಕು, ಏಕೆಂದರೆ ನಾಟಿಯ ತಿಂಗಳಲ್ಲಿ ತಾರೀಕು ಮರೆತೀತು, ಸಂತೆಯ ವಾರ ಮರೆಯುವುದಿಲ್ಲ. ಎರಡು ರೂಪಾಯಿಯ ಲೆಕ್ಕವನ್ನೂ ಶೇಕಡಾದಲ್ಲಿ ಹೇಳಬಾರದು. ಎಕರೆಗೆ 25 ಸಾವಿರ ರೂಪಾಯಿ ವಿಮೆ ಎಂದು ಇಟ್ಟುಕೊಂಡರೆ ರೈತರು ಕಟ್ಟುವುದು 500. ಆ ವರ್ಷ ಆ ಬೆಳೆಗೆ ನಿಜವಾಗಿ ಗೊತ್ತುಮಾಡಿದ ಮೊತ್ತ ಆದೇಶದಲ್ಲೇ ಇರುವುದರಿಂದ 'ಎಕರೆಗೆ ಇಷ್ಟು ರೂಪಾಯಿ' ಎಂದು ನೇರ ಹೇಳಿಬಿಡಬಹುದು. ಆದೇಶದಲ್ಲಿ ಇರುವುದು ಹೆಕ್ಟೇರಿನ ಲೆಕ್ಕ ಎಂಬುದೊಂದೇ ತೊಡಕು. ಎರಡೂವರೆಯಿಂದ ಭಾಗಿಸುವ ಕಷ್ಟವನ್ನು ಕಚೇರಿ ತಾನು ಪಡುವುದಿಲ್ಲ, ಗದ್ದೆಗೆ ಕಳಿಸುತ್ತದೆ.

ಸಾಲ ತೆಗೆದವರಿಗೆ ಇದೇ ಫೋನು ಮಾಡಿದರೆ ಅದು ಇನ್ನೊಂದು ಗೊಂದಲ. 2020ರ ಮುಂಗಾರಿನಿಂದ ವಿಮೆ ಯಾರಿಗೂ ಕಡ್ಡಾಯವಲ್ಲ. ಆದರೆ ಬೆಳೆಸಾಲ ಇದ್ದರೆ, ಕೊನೆಯ ದಿನಕ್ಕೆ ಏಳು ದಿನ ಮೊದಲು 'ನನಗೆ ಬೇಡ' ಎಂದು ಬರೆದುಕೊಡದಿದ್ದರೆ ಬ್ಯಾಂಕು ತಾನಾಗಿ ದುಡ್ಡು ಹಿಡಿಯುತ್ತದೆ. ಸುಮ್ಮನಿದ್ದರೆ ಒಪ್ಪಿಗೆ, ಬೇಡವಾದರೆ ಅರ್ಜಿ. ಇದನ್ನು 'ಐಚ್ಛಿಕ' ಎಂದು ಕರೆಯುವ ಪದಕೋಶ ಮಡಿಕೇರಿಯ ಅಂಗಡಿಗಳಲ್ಲಿ ಸಿಗುವುದಿಲ್ಲ. ಸಾಲಗಾರರಿಗೆ ಹೇಳಬೇಕಾದ ಮಾತು ಬೇರೆ: "ನಿಮ್ಮ ದುಡ್ಡು ಬ್ಯಾಂಕೇ ಹಿಡಿಯುತ್ತೆ. ಯಾವ ಬೆಳೆ ಅಂತ ಬರೆದಿದ್ದಾರೆ, ಒಂದು ಸಲ ಹೋಗಿ ಕೇಳಿ."

ಈ ಒಂದು ಸಾಲಿನ ಬೆಲೆ ಗೊತ್ತಾಗುವುದು ಪರಿಹಾರದ ಹೊತ್ತಿಗೆ. ವಿಮೆಯ ಕಾಗದದಲ್ಲಿ ಒಂದು ಬೆಳೆ, ಬೆಳೆ ಸಮೀಕ್ಷೆಯಲ್ಲಿ ಅದೇ ಸರ್ವೆ ನಂಬರಿಗೆ ಇನ್ನೊಂದು ಬೆಳೆ ಇದ್ದರೆ ಅರ್ಜಿ ಅಲ್ಲಿಗೇ ನಿಲ್ಲುತ್ತದೆ. ಸಮೀಕ್ಷೆಯೂ ಆ್ಯಪಿನದೇ ಕೆಲಸ. ಯಾರೋ ಬಂದು ಫೋಟೋ ಹೊಡೆದುಕೊಂಡು ಹೋಗಿರುತ್ತಾರೆ, ಗದ್ದೆ 'ಪಾಳು' ಎಂದು ದಾಖಲಾಗಿರುತ್ತದೆ. ಅದನ್ನು ಆಕ್ಷೇಪಣೆಯ ಗಡುವಿನೊಳಗೆ ಕೇಳಿ ತಿದ್ದಿಸಬಹುದು. ಹಾಗೊಂದು ಗಡುವು ಇದೆ ಎಂದು ಬಟನ್ ಫೋನಿಗೆ ಹೇಳುವ ರೆಕಾರ್ಡಿಂಗ್ ಮಾತ್ರ ಇನ್ನೂ ಯಾರ ತಲೆಗೂ ಹೊಳೆದಂತಿಲ್ಲ.

ಕೊಡಗಿನದ್ದೇ ಆದ ಇನ್ನೊಂದು ಕೊಕ್ಕೆ ಪಹಣಿಯಲ್ಲಿದೆ. ವಿಮೆಗೆ ಎಫ್‌ಐಡಿ, ಅಂದರೆ ಸರ್ಕಾರದ ದಾಖಲೆಯ ರೈತ ಗುರುತಿನ ಸಂಖ್ಯೆ ಬೇಕು, ಅದಕ್ಕೆ ಪಹಣಿಯ ಹೆಸರೂ ಆಧಾರಿನ ಹೆಸರೂ ಹೊಂದಬೇಕು. ತಲೆಮಾರುಗಳಿಂದ ಬಂದ ಜಮ್ಮಾ ಗದ್ದೆಯ ಪಹಣಿಯಲ್ಲಿ ಒಕ್ಕದ, ಅಂದರೆ ಮನೆತನದ, ಪಟ್ಟೇದಾರರ ಹೆಸರಿರುತ್ತದೆ, ಅವರು ತೀರಿಕೊಂಡು ಎರಡು ತಲೆಮಾರಾಗಿದ್ದರೂ ಇರುತ್ತದೆ. ಜೊತೆಗೆ ಪಾಲುದಾರರ ಸಾಲು. ಮನೆಹೆಸರು ಆಧಾರಿನಲ್ಲಿ ಮುಂದೆ, ಪಹಣಿಯಲ್ಲಿ ಹಿಂದೆ, ಬ್ಯಾಂಕಿನಲ್ಲಿ ಒಂದೇ ಅಕ್ಷರ. ಗದ್ದೆಗೆ ಇಳಿಯುವವರು ಒಬ್ಬರು, ದಾಖಲೆಯಲ್ಲಿ ಉಳುವವರು ಆಕಾಶದಲ್ಲಿ. ಇದನ್ನು ಸರಿಪಡಿಸುವುದು ಕೊನೆಯ ಮೂರು ದಿನದ ಕೆಲಸವಲ್ಲ. ಹಾಗಾಗಿ ಮೊದಲ ಫೋನು ಬರಬೇಕಾದದ್ದು ನಾಟಿಯಲ್ಲಲ್ಲ, ಜೂನ್ ಮೊದಲ ವಾರದಲ್ಲಿ: "ಪಹಣಿ ತಗೊಂಡು ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ. ನಿಮ್ಮ ಎಫ್‌ಐಡಿಯಲ್ಲಿ ಗದ್ದೆಯ ಸರ್ವೆ ನಂಬರು ಸೇರಿದೆಯಾ ಅಂತ ಕೇಳಿ." ಇಷ್ಟೇ, ಬೇರೇನೂ ಬೇಡ. ಒಂದು ಫೋನಿಗೆ ಒಂದೇ ಕೆಲಸ.

ಓಟಿಪಿಯ ಮಾತೂ ಒಂದಿದೆ. ಕೌಂಟರಿನಲ್ಲಿ ಅದನ್ನು ಕೇಳಿದಾಗ ಬಟನ್ ಫೋನು ಗಪ್‌ಚುಪ್, ಏಕೆಂದರೆ ಕೊಟ್ಟಿರುವ ನಂಬರು ಬೆಂಗಳೂರಿನ ಮೊಮ್ಮಗನದು. ಅವನು ಮೀಟಿಂಗಿನಲ್ಲಿ. ಅಜ್ಜ ಬಾಳೆಲೆ ಊರಿನ ಕೌಂಟರಿನ ಸರದಿಯಲ್ಲಿ. ನಡುವೆ ಮಳೆಗೆ ಕರೆಂಟು ಹೋಗಿ ಟವರು ಮಲಗಿರುತ್ತದೆ. 'ಯಾವ ನಂಬರು ಕೊಟ್ಟಿದ್ದೀರೋ ಆ ಫೋನು ಹತ್ತಿರ ಇರಲಿ' ಎಂಬ ಏಳು ಪದ ಸಂದೇಶದಲ್ಲಿದ್ದರೆ ಅಜ್ಜನಿಗೆ ಒಂದು ಬಸ್ಸಿನ ದುಡ್ಡು ಉಳಿಯುತ್ತಿತ್ತು. ರೆಕಾರ್ಡಿಂಗ್ ಫೋನಿನಲ್ಲಿ ಯಾರಾದರೂ ಓಟಿಪಿ ಕೇಳಿದರೆ ಅವರು ವಿಮೆಯವರಲ್ಲ ಎನ್ನುವುದನ್ನೂ ಇಲ್ಲೇ ಹೇಳಿಬಿಡಬೇಕು.

ನೋಂದಣಿ ಆಯಿತೆನ್ನಿ. ಗದ್ದೆ ಕೊಚ್ಚಿಕೊಂಡು ಹೋಯಿತು, ಗುಡ್ಡ ಜಾರಿ ಮಣ್ಣು ತುಂಬಿತು, ಅಥವಾ ಹುತ್ತರಿ ಕಳೆದು ಕೊಯ್ದು ಹರಡಿದ ಭತ್ತ ಅಕಾಲ ಮಳೆಗೆ ಮೊಳಕೆ ಬಂತು. ಕೊಯ್ದು ಒಣಗಲು ಬಿಟ್ಟ ಬೆಳೆಗೆ 14 ದಿನದವರೆಗೆ ರಕ್ಷಣೆ ಇದೆ. ಇಂಥ ನಷ್ಟವನ್ನು 72 ಗಂಟೆಯೊಳಗೆ ತಿಳಿಸಬೇಕು. ಕಚೇರಿ '72 ಗಂಟೆ' ಎನ್ನುತ್ತದೆ. 'ಮೂರು ದಿನ' ಎಂದರೆ ಎಲ್ಲರಿಗೂ ತಿಳಿಯುತ್ತದೆ, ಬಹುಶಃ ಅದೇ ದೋಷ. ತಿಳಿಸುವುದಕ್ಕೆ ಆ್ಯಪೇ ಬೇಕೆಂದಿಲ್ಲ, 14447ಕ್ಕೆ ಫೋನು ಸಾಕು. ಅದನ್ನು 'ಹದಿನಾಲ್ಕು ಸಾವಿರದ ನಾನೂರ ನಲವತ್ತೇಳು' ಎಂದು ಓದದೆ, 'ಒಂದು, ಮೂರು ನಾಲ್ಕು, ಏಳು' ಎಂದು ಜಾಣತನವನ್ನೂ ಮಾಡದೆ, 'ಒಂದು, ನಾಲ್ಕು, ನಾಲ್ಕು, ನಾಲ್ಕು, ಏಳು' ಎಂದು ಎರಡು ಸಲ, ನಡುವೆ ಉಸಿರು ಬಿಟ್ಟು ಹೇಳಬೇಕು.

ಆನೆಯ ವಿಷಯಕ್ಕೆ ಬಂದರೆ ವಿಡಂಬನೆ ಬರೆಯುವವರಿಗೆ ಕೆಲಸವೇ ಇಲ್ಲ. 2026ರ ಮುಂಗಾರಿನಿಂದ ಕಾಡುಪ್ರಾಣಿ ತುಳಿದ ಬೆಳೆಗೂ ವಿಮೆ ಸಿಗುವಂತೆ ಮಾಡುವುದಾಗಿ ಕೇಂದ್ರ ಸರ್ಕಾರ 2025ರ ನವೆಂಬರಿನಲ್ಲಿ ಹೇಳಿತು. ಯಾವ ಪ್ರಾಣಿ, ಯಾವ ಜಿಲ್ಲೆ ಎಂದು ರಾಜ್ಯ ಪಟ್ಟಿ ಮಾಡಬೇಕು. ನಷ್ಟವನ್ನು ಮೂರು ದಿನದೊಳಗೆ ಆ್ಯಪಿನಲ್ಲಿ, ಜಾಗದ ಗುರುತು ಇರುವ ಫೋಟೋ ಸಮೇತ ಹಾಕಬೇಕು. ಆನೆ ಬರುವುದು ರಾತ್ರಿ ಎರಡು ಗಂಟೆಗೆ. ಬಟನ್ ಫೋನಿನಲ್ಲಿ ಆ ಹೊತ್ತಿಗೆ ಕೆಲಸಕ್ಕೆ ಬರುವುದು ತಲೆಯ ಮೇಲಿನ ಟಾರ್ಚು, ಅದೂ ಆನೆಗೆ ದಾರಿ ತೋರಿಸುವುದಕ್ಕೆ. ಬೆಳಿಗ್ಗೆ ಸ್ಮಾರ್ಟ್ ಫೋನಿರುವ ನೆರೆಯವರನ್ನು ಗದ್ದೆಗೇ ಕರೆತಂದು, ಹೆಜ್ಜೆ ಗುರುತೂ ಮಲಗಿದ ಪೈರೂ ಒಟ್ಟಿಗೆ ಕಾಣುವಂತೆ, ಫೋನಿನ ಲೊಕೇಶನ್ ಆನ್ ಮಾಡಿಸಿ ಫೋಟೋ ತೆಗೆಸಬೇಕು. ಮನೆಯಲ್ಲಿ ಕೂತು ಹಳೆಯ ಫೋಟೋ ಕಳಿಸಿದರೆ ಗುರುತು ಮನೆಯದಾಗುತ್ತದೆ, ಆನೆ ಜಗಲಿಗೆ ಬಂದಂತೆ ದಾಖಲಾಗುತ್ತದೆ.

ವಿಮೆ ಮಾಡಿಸಿದ ಸಂಜೆ ಫೋನಿಗೆ ಕನ್ನಡದಲ್ಲೇ ಧನ್ಯವಾದದ ಎಸ್‌ಎಂಎಸ್ ಬರುತ್ತದೆ. ಹಳೆಯ ಸೆಟ್ಟಿಗೆ ಕನ್ನಡ ಅಕ್ಷರ ಗೊತ್ತಿಲ್ಲ, ಉದ್ದಕ್ಕೂ ಖಾಲಿ ಡಬ್ಬಿಗಳು, ರೈಲಿನ ಬೋಗಿಗಳ ಹಾಗೆ. ಆದರೆ ನಡುವೆ ಒಂದಿಷ್ಟು ಅಂಕಿಗಳು ಮಾತ್ರ ಸ್ಪಷ್ಟ ಕಾಣುತ್ತವೆ. ಅದು ಅರ್ಜಿ ನಂಬರು. ಇನ್‌ಬಾಕ್ಸ್ ತುಂಬಿ ಅಳಿಸಿಹೋಗುವ ಮೊದಲು ಅದನ್ನು ಪಾಸ್‌ಬುಕ್ಕಿನ ಹಿಂಬದಿಗೆ ಬರೆದುಕೊಳ್ಳಿ, ಪೆನ್ಸಿಲಿನಲ್ಲಲ್ಲ, ಪೆನ್ನಿನಲ್ಲಿ.